ಹೊಟ್ಟೆಯ ಮಾತು: ಹಿರಿಯರ ಬಳಗದಲ್ಲಿ ನಾಲ್ಕು ನಿಮಿಷ

ಎಲ್ಲರಿಗೂ ನಮಸ್ಕಾರ. ನಾಚಿಕೆ ಬೇಡ, ಇವತ್ತಿನ ಮಾತು ಮಲವಿಸರ್ಜನೆಯದ್ದೇ. ದಿನಾ ಆಗಲೇಬೇಕು ಅಂತಿಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೂ ಸಹಜವೇ. ತಿಂಡಿ ಆದಮೇಲೆ ಕರುಳು ತಾನೇ ಚುರುಕಾಗುತ್ತೆ, ಆಗ ಹೋಗಿ ಕೂತ್ಕೊಳ್ಳಿ, ತಿಣುಕಬೇಡಿ. ಕಮೋಡ್ ಇದ್ದರೆ ಕಾಲಡಿಗೆ ಗಿಡ್ಡ ಮಣೆ ಇಟ್ಟುಕೊಳ್ಳಿ.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಹರಟೋದು ವಾಕಿಂಗ್ ಅಲ್ಲ ರಾಯರೇ! ಅರ್ಧ ಗಂಟೆ ನಡೀರಿ. ಆಗದಿದ್ದರೆ ಹತ್ತು ಹತ್ತು ನಿಮಿಷ. ರಾತ್ರಿ ಏಳಬೇಕಾಗುತ್ತೆ ಅಂತ ನೀರು ಬಿಡಬೇಡಿ, ಸಂಜೆಯೊಳಗೇ ಕುಡಿದುಬಿಡಿ. ಹೃದಯ, ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರು ಹೇಳಿದಷ್ಟೇ.

ರಕ್ತ ಬಿದ್ದರೆ, ಸುಮ್ಮನೆ ತೂಕ ಇಳಿದರೆ, ಅಭ್ಯಾಸ ಬದಲಾಗಿ ಮೂರು ವಾರ ದಾಟಿದರೆ ‘ಮೂಲವ್ಯಾಧಿ ಇರಬೇಕು’ ಅಂತ ನೀವೇ ತೀರ್ಪು ಕೊಡಬೇಡಿ, ಬಂದು ತೋರಿಸಿ. ಡಾಂಬರಿನ ಹಾಗೆ ಕಪ್ಪಾದರೆ ಅವತ್ತೇ ಬನ್ನಿ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತೆ, ಹಾಗಾಗಿ ಮಾತ್ರೆಚೀಟಿ ಜೊತೆಗಿರಲಿ.