ತೀರ್ಪಿನ ದಿನ ಮತ್ತು ಪುನರುತ್ಥಾನ: ಮೂರು ಧರ್ಮಗಳ ರಿವಿಷನ್ ಕೋಷ್ಟಕ

ನಾಡಿದ್ದು ತುಲನಾತ್ಮಕ ಧರ್ಮ ಅಧ್ಯಯನದ ಪರೀಕ್ಷೆ ಬರೆಯುವ ಜೂನಿಯರ್‌ಗಳಿಗೆ ಇದು. ಕೋಷ್ಟಕವನ್ನು ಅಡ್ಡಡ್ಡ ಓದಿ. ಒಂದು ಧರ್ಮದ ಕಾಲಂ ಪೂರ್ತಿ ಬಾಯಿಪಾಠ ಮಾಡಿ ಮುಂದಿನದಕ್ಕೆ ಹೋದರೆ ಹೋಲಿಕೆ ಕೈಗೆ ಸಿಗುವುದಿಲ್ಲ. ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ತೀರ್ಪು ಆಗಬೇಕಾದರೆ ಸತ್ತ ದೇಹ ಯಾಕೆ ಎದ್ದು ಬರಬೇಕು? ಆತ್ಮ ಒಂದೇ ಸಾಕಲ್ವಾ? ನನಗೆ ಈ ಪಾಠ ಅರ್ಥವಾಗಿದ್ದು ಈ ಪ್ರಶ್ನೆ ಹಿಡಿದುಕೊಂಡ ಮೇಲೆ.

| ವಿಷಯ | ಯೆಹೂದಿ ಧರ್ಮ | ಕ್ರೈಸ್ತ ಧರ್ಮ | ಇಸ್ಲಾಂ |
|---|---|---|---|
| ಹೆಸರು | ತೆಹಿಯ್ಯತ್ ಹಮೇತಿಮ್ (ಸತ್ತವರು ಮತ್ತೆ ಬದುಕುವುದು), ಓಲಾಮ್ ಹಬಾ (ಬರಲಿರುವ ಲೋಕ) | ಸತ್ತವರ ಪುನರುತ್ಥಾನ, ಕಡೇ ತೀರ್ಪು | ಯೌಮುಲ್ ಕಿಯಾಮಃ (ಎದ್ದು ನಿಲ್ಲುವ ದಿನ), ಯೌಮುದ್ದೀನ್ (ಪ್ರತಿಫಲದ ದಿನ) |
| ಮುಖ್ಯ ವಾಕ್ಯ | ದಾನಿಯೇಲ 12:2, ಯೆಹೆಜ್ಕೇಲ 37 | ಮತ್ತಾಯ 25:31–46, 1 ಕೊರಿಂಥ 15, ಪ್ರಕಟನೆ 20 | ಕುರ್‌ಆನ್ 75, 99, 101ನೇ ಅಧ್ಯಾಯಗಳು, 36:78–79 |
| ಸಾವಿಗೂ ತೀರ್ಪಿಗೂ ನಡುವೆ | ಹಳೆಯ ಗ್ರಂಥಗಳಲ್ಲಿ ಷಿಯೋಲ್, ಎಲ್ಲ ಸತ್ತವರೂ ಇಳಿಯುವ ಮಂಕು ಲೋಕ. ನಂತರದ ರಬ್ಬಿಗಳೆಂಬ ಧರ್ಮಗುರುಗಳಲ್ಲಿ ಗೆಹಿನ್ನೋಮ್, ಸಾಮಾನ್ಯವಾಗಿ 12 ತಿಂಗಳು ಮೀರದ ಶುದ್ಧೀಕರಣ | ಕ್ಯಾಥೊಲಿಕರಲ್ಲಿ ಸತ್ತ ಕೂಡಲೇ ವೈಯಕ್ತಿಕ ತೀರ್ಪು, ಬೇಕಿದ್ದವರಿಗೆ ಶುದ್ಧೀಕರಣ ಸ್ಥಳ. ಪ್ರಾಟೆಸ್ಟೆಂಟರು ಶುದ್ಧೀಕರಣ ಸ್ಥಳವನ್ನು ಒಪ್ಪುವುದಿಲ್ಲ | ಬರ್ಝಖ್ ಎಂಬ ತಡೆ (23:100). ಪ್ರವಾದಿಯ ನುಡಿ-ನಡೆಗಳ ವರದಿಗಳಾದ ಹದೀಸ್ ಪ್ರಕಾರ ಗೋರಿಯಲ್ಲಿ ಮುನ್ಕರ್, ನಕೀರ್ ಎಂಬ ದೂತರು ಪ್ರಶ್ನೆ ಕೇಳುತ್ತಾರೆ: ನಿನ್ನ ಪ್ರಭು ಯಾರು, ಧರ್ಮ ಯಾವುದು, ಪ್ರವಾದಿ ಯಾರು |
| ಯಾರು ಬರುತ್ತಾರೆ | ದಾವೀದನ ವಂಶದ ಮೆಸ್ಸೀಯ, ಅವನಿಗೆ ಮುಂಚೆ ಎಲೀಯ | ಯೇಸುವಿನ ಎರಡನೇ ಬರುವಿಕೆ | ಈಸಾ, ಅಂದರೆ ಯೇಸು, ಮರಳಿ ಬರುವರು, ದಜ್ಜಾಲ್ ಎಂಬ ಮಹಾ ಮೋಸಗಾರ ಸೋಲುವನು. ಮಹ್ದಿ ಎಂಬ ಮಾರ್ಗದರ್ಶಕ ಬರುವನೆಂಬ ನಂಬಿಕೆಯೂ ಇದೆ |
| ತೀರ್ಪು ಕೊಡುವವರು | ದೇವರು | ಕ್ರಿಸ್ತ | ಅಲ್ಲಾಹ್ ಮಾತ್ರ |
| ಆಧಾರ | ನಡತೆ, ಪಶ್ಚಾತ್ತಾಪ (ತೆಶುವಾ) | ಕ್ರಿಸ್ತನಲ್ಲಿ ನಂಬಿಕೆ, ದೇವರ ಕೃಪೆ. ಒಳ್ಳೆ ಕೆಲಸದ ಜಾಗ ಎಲ್ಲಿ ಎಂಬುದೇ ಪಂಗಡಗಳ ಜಗಳ | ನಂಬಿಕೆ ಮತ್ತು ಕರ್ಮ. ಅಣುವಿನಷ್ಟು ಒಳಿತೂ ಕೆಡುಕೂ ಕಾಣುತ್ತದೆ (99:7–8). ಕಡೆಗೆ ಅಲ್ಲಾಹನ ಕರುಣೆ |
| ಚಿತ್ರಗಳು | ತೆರೆದ ಪುಸ್ತಕಗಳು | ಕುರಿ ಮತ್ತು ಆಡುಗಳನ್ನು ಬೇರೆ ಮಾಡುವ ಕುರುಬ. ಜೀವದ ಪುಸ್ತಕ | ಕಹಳೆ, ತಕ್ಕಡಿ (ಮೀಝಾನ್), ಬಲಗೈಗೋ ಎಡಗೈಗೋ ಸಿಗುವ ಕರ್ಮಪುಸ್ತಕ, ಸಿರಾತ್ ಸೇತುವೆ |
| ಆಮೇಲೆ | ಬರಲಿರುವ ಲೋಕ. ವಿವರ ಕಡಿಮೆ | ಸ್ವರ್ಗ, ನರಕ. ಹೊಸ ಆಕಾಶ, ಹೊಸ ಭೂಮಿ | ಜನ್ನತ್, ಜಹನ್ನಮ್. ವಿವರ ತುಂಬಾ |
| ಪ್ರಾರ್ಥನೆಯಲ್ಲಿ | ನಿತ್ಯದ ಪ್ರಾರ್ಥನೆಯಾದ ಅಮೀದಾದ ಎರಡನೇ ಆಶೀರ್ವಾದ: ಸತ್ತವರನ್ನು ಬದುಕಿಸುವವನು | ನೈಸೀನ್ ವಿಶ್ವಾಸಪ್ರಮಾಣ | ಫಾತಿಹಾ 1:4: ಪ್ರತಿಫಲ ದಿನದ ಒಡೆಯ. ನಮಾಝಿನ ಪ್ರತಿ ಸುತ್ತಿನಲ್ಲೂ, ಅಂದರೆ ರಕಅತ್‌ನಲ್ಲೂ |

ದೇಹ ಯಾಕೆ ಬೇಕು?

ಕೋಷ್ಟಕದಲ್ಲಿ ಈ ಸಾಲು ಬೇಕೆಂದೇ ಬಿಟ್ಟಿದ್ದೇನೆ. ಒಂದು ಚೌಕದಲ್ಲಿ ಹಿಡಿಯುವ ಮಾತಲ್ಲ ಇದು.

ಯೆಹೂದಿಗಳ ತಾಲ್ಮೂದ್ ಗ್ರಂಥದಲ್ಲಿ (ಸನ್ಹೆದ್ರಿನ್ 91) ಒಂದು ಕತೆ ಇದೆ. ರಾಜನೊಬ್ಬ ತನ್ನ ಅಂಜೂರದ ತೋಟಕ್ಕೆ ಇಬ್ಬರನ್ನು ಕಾವಲಿಗೆ ಇಡುತ್ತಾನೆ. ಒಬ್ಬ ಕುಂಟ, ಒಬ್ಬ ಕುರುಡ. ಕುಂಟ ಕುರುಡನ ಹೆಗಲೇರುತ್ತಾನೆ, ಇಬ್ಬರೂ ಸೇರಿ ಹಣ್ಣು ತಿಂದುಬಿಡುತ್ತಾರೆ. ರಾಜ ಬಂದು ಕೇಳಿದರೆ ಕುಂಟ ಹೇಳುತ್ತಾನೆ, ನನಗೆ ನಡೆಯೋಕೆ ಕಾಲೆಲ್ಲಿ? ಕುರುಡ ಹೇಳುತ್ತಾನೆ, ನನಗೆ ನೋಡೋಕೆ ಕಣ್ಣೆಲ್ಲಿ? ರಾಜ ಒಬ್ಬನನ್ನು ಇನ್ನೊಬ್ಬನ ಹೆಗಲ ಮೇಲೆ ಕೂರಿಸಿ, ಇಬ್ಬರಿಗೂ ಒಟ್ಟಿಗೆ ತೀರ್ಪು ಕೊಡುತ್ತಾನೆ. ದೇಹವೂ ಆತ್ಮವೂ ಹಾಗೆಯೇ. ತಪ್ಪು ಜೊತೆಯಾಗಿ ಮಾಡಿದ್ದು, ಲೆಕ್ಕವೂ ಜೊತೆಯಾಗಿಯೇ. ಈ ಕತೆ ಬರೆದರೆ ಪುನರುತ್ಥಾನಕ್ಕೂ ತೀರ್ಪಿಗೂ ಇರುವ ನಂಟನ್ನು ಬೇರೆ ವಿವರಿಸಬೇಕಾಗಿಲ್ಲ.

ಕ್ರೈಸ್ತರ ಅಪೊಸ್ತಲ ಪೌಲನ ಉತ್ತರ ಬೇರೆ. 1 ಕೊರಿಂಥ 15ರಲ್ಲಿ ಅವನು ಕೊಡುವ ಹೋಲಿಕೆ ಬೀಜದ್ದು. ಬಿತ್ತುವುದು ಕಾಳು, ಮೇಲೆ ಬರುವುದು ಪೈರು. ಹಳೆಯ ದೇಹವೇ ಹಾಗೇ ಮರಳುವುದಿಲ್ಲ, ಅಳಿಯದ ದೇಹವಾಗಿ ಮಾರ್ಪಡುತ್ತದೆ. ಇನ್ನೊಂದು ಮಾತು ಮುಖ್ಯ: ಪುನರುತ್ಥಾನ ಈಗಾಗಲೇ ಶುರುವಾಗಿದೆ. ಯೇಸು ಎದ್ದದ್ದು "ಪ್ರಥಮಫಲ", ಉಳಿದ ಬೆಳೆ ಮುಂದೆ. ಬೇರೆ ಎರಡೂ ಧರ್ಮಗಳಲ್ಲಿ ಈ ಮಾತು ಇಲ್ಲ. ಅದಕ್ಕೇ ಕ್ರೈಸ್ತರಿಗೆ ಈಸ್ಟರ್ ಅಷ್ಟು ದೊಡ್ಡದು.

ಕುರ್‌ಆನ್ ಸಂಶಯಪಡುವವನ ಜೊತೆ ನೇರ ವಾದಕ್ಕೇ ಇಳಿಯುತ್ತದೆ. ಪುಡಿಯಾದ ಮೂಳೆಗೆ ಜೀವ ಕೊಡುವವರು ಯಾರು ಎಂದು ಒಬ್ಬ ಕೇಳುತ್ತಾನೆ. ಮೊದಲ ಸಲ ಯಾರು ಉಂಟುಮಾಡಿದನೋ ಅವನೇ, ಎನ್ನುತ್ತದೆ 36:79. ಅವನ ಬೆರಳ ತುದಿಗಳನ್ನೂ ಸರಿಯಾಗಿ ಜೋಡಿಸಬಲ್ಲೆವು, ಎನ್ನುತ್ತದೆ 75:4. ಒಣಗಿದ ನೆಲ ಮಳೆ ಬಿದ್ದ ಕೂಡಲೇ ಹಸಿರಾಗುವುದನ್ನೂ (22:5) ಸಾಕ್ಷಿಗೆ ಕರೆಯುತ್ತದೆ. ಎಲ್ಲವೂ ಕಣ್ಣಿಗೆ ಕಾಣುವ ವಸ್ತುಗಳು, ನೋಡಿ.

ಅಂಕ ಹೋಗುವ ಜಾಗಗಳು

"ಯೆಹೂದಿಗಳೆಲ್ಲ ಪುನರುತ್ಥಾನವನ್ನು ನಂಬುತ್ತಾರೆ" ಎಂದು ನಾನು ಬರೆದಿದ್ದೆ. ಪೂರ್ತಿ ಎರಡು ಅಂಕ ಹೋಯಿತು. ಯೆರೂಸಲೇಮಿನ ಎರಡನೇ ದೇವಾಲಯದ ಕಾಲದಲ್ಲೇ ಫರಿಸಾಯರೆಂಬ ಪಂಗಡ ನಂಬುತ್ತಿತ್ತು, ಸದ್ದುಕಾಯರೆಂಬ ಪಂಗಡ ಇಲ್ಲ ಎನ್ನುತ್ತಿತ್ತು. 12ನೇ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸ್ ನಂಬಿಕೆಯ 13 ತತ್ವಗಳನ್ನು ಬರೆದಾಗ ಕೊನೆಯದಾಗಿ ಪುನರುತ್ಥಾನವನ್ನು ಇಟ್ಟ. 1885ರಲ್ಲಿ ಅಮೆರಿಕದ ಸುಧಾರಣಾವಾದಿ ರಿಫಾರ್ಮ್ ಪಂಗಡದ ರಬ್ಬಿಗಳು ಪಿಟ್ಸ್‌ಬರ್ಗ್ ಘೋಷಣೆಯಲ್ಲಿ ದೇಹದ ಪುನರುತ್ಥಾನವನ್ನು ಕೈಬಿಟ್ಟರು. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಯೆಹೂದಿಗಳು ಇಂದಿಗೂ ಅದನ್ನು ಹಿಡಿದಿದ್ದಾರೆ.

ಯೆಹೆಜ್ಕೇಲನ ಒಣ ಮೂಳೆಗಳ ಕಣಿವೆ ಮೊದಲಿಗೆ ಸೆರೆಹೋದ ಇಸ್ರಾಯೇಲ್ ಜನಾಂಗ ಮತ್ತೆ ಎದ್ದು ನಿಲ್ಲುವ ಚಿತ್ರ. 37:11 ಅದನ್ನೇ ಹೇಳುತ್ತದೆ. ಒಬ್ಬೊಬ್ಬರ ಪುನರುತ್ಥಾನಕ್ಕೆ ಅದನ್ನು ಅನ್ವಯಿಸಿದ್ದು ನಂತರದ ಓದು. ವ್ಯಕ್ತಿಗಳ ಪುನರುತ್ಥಾನಕ್ಕೆ ಸ್ಪಷ್ಟ ವಾಕ್ಯ ಬೇಕೆಂದರೆ ದಾನಿಯೇಲ 12:2 ಬರೆಯಿರಿ.

ಯೆಹೂದಿಗಳಿಗೆ ತೀರ್ಪಿನ ದಿನ ಪ್ರತಿ ವರ್ಷವೂ ಬರುತ್ತದೆ. ಹೊಸ ವರ್ಷದ ಹಬ್ಬವಾದ ರೋಷ್ ಹಷಾನಾಗೆ ಯೋಮ್ ಹದ್ದೀನ್, ಅಂದರೆ ತೀರ್ಪಿನ ದಿನ ಎಂದೇ ಇನ್ನೊಂದು ಹೆಸರು. ಅಂದು ದೇವರು ಬರೆದ ತೀರ್ಪಿಗೆ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಮುದ್ರೆ ಬೀಳುತ್ತದೆ. ಕಾಲದ ಕೊನೆಯ ತೀರ್ಪಿನ ಜೊತೆ ಇದನ್ನು ಕಲಸಬೇಡಿ.

ಈಸಾ ಇಸ್ಲಾಂನಲ್ಲೂ ಮರಳಿ ಬರುತ್ತಾರೆ, ಹೌದು. ಆದರೆ ನ್ಯಾಯಾಧಿಪತಿಯಾಗಿ ಅಲ್ಲ, ಕಿಯಾಮತ್ತಿನ ಒಂದು ಗುರುತಾಗಿ. ಇಲ್ಲಿ ತಪ್ಪು ಮಾಡುವವರು ಜಾಸ್ತಿ. ಕಹಳೆ ಊದುವ ದೂತನ ಹೆಸರು ಇಸ್ರಾಫೀಲ್ ಎನ್ನುವುದೂ ಕುರ್‌ಆನ್‌ನಲ್ಲಿಲ್ಲ, ಹದೀಸ್ ಪರಂಪರೆಯಿಂದ ಬಂದದ್ದು. ಆ ಘಳಿಗೆ ಯಾವಾಗ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು (7:187). ಮಾರ್ಕ 13:32ರಲ್ಲಿ ಯೇಸುವೂ ತಂದೆಗೆ ಮಾತ್ರ ಗೊತ್ತು ಎನ್ನುತ್ತಾನೆ. ಹೋಲಿಕೆ ಕೇಳಿದರೆ ಈ ಜೋಡಿ ಬರೆಯಿರಿ.

ಇನ್ನೊಂದು ಸಣ್ಣದು, ನನಗೆ ತುಂಬಾ ಇಷ್ಟವಾದದ್ದು. ಗೆಹಿನ್ನೋಮ್‌ನ ಅವಧಿ ಸಾಮಾನ್ಯವಾಗಿ ಹೆಚ್ಚೆಂದರೆ 12 ತಿಂಗಳು, ಅದೂ ದುಷ್ಟರಿಗೆ. ಆದರೆ ತಂದೆತಾಯಿಗಾಗಿ ಮಕ್ಕಳು ಕದ್ದೀಷ್ ಎಂಬ ಪ್ರಾರ್ಥನೆ ಹೇಳುವುದು 11 ತಿಂಗಳು ಮಾತ್ರ. ಪೂರ್ತಿ 12 ಹೇಳಿದರೆ ಅಪ್ಪ ಅಮ್ಮ ದುಷ್ಟರಾಗಿದ್ದರು ಎಂದು ಒಪ್ಪಿಕೊಂಡ ಹಾಗಾಗುತ್ತದೆ ಅಂತ. ನಂಬಿಕೆ ಆಚರಣೆಯನ್ನು ಹೇಗೆ ರೂಪಿಸುತ್ತದೆ ಎಂಬ ಐದು ಅಂಕದ ಪ್ರಶ್ನೆ ಬಂದರೆ, ಇದರಿಂದಲೇ ಶುರು ಮಾಡಿ.