ಅಂಗಡಿಯಲ್ಲಿ ತಾವು ಬಿದ್ದ ಬಗ್ಗೆ ಬರೆದ ಪತ್ರಕ್ಕೆ ಉತ್ತರ

ಇವರಿಂದ: ಮಾಲೀಕರು, ಗೃಹೋಪಯೋಗಿ ಸಾಮಾನುಗಳ ಅಂಗಡಿ

ಉಲ್ಲೇಖ: ಪರಿಹಾರ ಕೋರಿ ತಾವು ಇದೇ ತಿಂಗಳ 11ರಂದು ಬರೆದ ಪತ್ರ

ಮಾನ್ಯರೇ,

ತಮ್ಮ ಪತ್ರ ನಾಲ್ಕು ದಿನಗಳ ಹಿಂದೆ ಕೈಸೇರಿತು. ಅಂದು ಅಂಗಡಿಯಲ್ಲಿದ್ದ ಮೂವರು ಕೆಲಸಗಾರರನ್ನು ಬೇರೆಬೇರೆಯಾಗಿ ಕೂರಿಸಿಕೊಂಡು ವಿಚಾರಿಸಿ, ಕ್ಯಾಮೆರಾದಲ್ಲಿ ದಾಖಲಾದ ದೃಶ್ಯವನ್ನು ನಾನೇ ಮೊದಲಿನಿಂದ ಕೊನೆಯವರೆಗೆ ನೋಡಿದ ಮೇಲೆಯೇ ಉತ್ತರ ಬರೆಯಬೇಕೆಂದುಕೊಂಡಿದ್ದರಿಂದ ಇಷ್ಟು ತಡವಾಯಿತು, ಅದಕ್ಕಾಗಿ ಕ್ಷಮೆಯಿರಲಿ.

ಮೊದಲಿಗೆ ತಮ್ಮ ಕೈಯ ವಿಚಾರ. ಬಲಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟು ಆರು ವಾರ ಪ್ಲಾಸ್ಟರ್ ಹಾಕಿಸಿಕೊಳ್ಳಬೇಕಾಗಿದೆ ಎಂದು ಓದಿ ನಿಜಕ್ಕೂ ನೋವಾಯಿತು. ಹೊಲಿಗೆಯನ್ನೇ ನೆಚ್ಚಿಕೊಂಡವರಿಗೆ ಬಲಗೈ ಕಟ್ಟಿಹಾಕಿದಂತಾದರೆ ಮನೆ ನಡೆಯುವುದೇ ಕಷ್ಟ ಎಂಬುದು ನನಗೆ ಅರ್ಥವಾಗುತ್ತದೆ. ತಾವು ಏಳೆಂಟು ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿರುವವರು. ಆದ್ದರಿಂದ ಮುಂದೆ ಬರೆಯುವ ಯಾವ ಮಾತನ್ನೂ ತಮ್ಮ ನೋವನ್ನು ಹಗುರವಾಗಿ ಕಾಣುವ ಮಾತೆಂದು ದಯವಿಟ್ಟು ಭಾವಿಸಬೇಡಿ.

ಹಾಗಿದ್ದರೂ, ಒಳಗಿನ ವಿಭಾಗದಿಂದ ಮುಂಭಾಗಕ್ಕೆ ಇಳಿಯುವ ಎರಡು ಮೆಟ್ಟಿಲುಗಳ ಬಳಿ ನೆಲ ಒದ್ದೆಯಾಗಿತ್ತು, ಅಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ, ಆದಕಾರಣ ಬಿದ್ದೆ ಎಂಬ ತಮ್ಮ ಆರೋಪವನ್ನು ನಾನು ಒಪ್ಪಲಾರೆ. ಏಕೆಂಬುದನ್ನು ವಿವರವಾಗಿಯೇ ತಿಳಿಸುತ್ತೇನೆ.

ಅಂದು, ಅಂದರೆ ಇದೇ ತಿಂಗಳ 4ರಂದು, ನೆಲ ಒರೆಸಿದ್ದು ಮಧ್ಯಾಹ್ನ 3 ಗಂಟೆಯ ಸುಮಾರಿಗೆ. ತಾವು ಬಿದ್ದದ್ದು ಸಂಜೆ 6 ಗಂಟೆ 20 ನಿಮಿಷಕ್ಕೆ. ಈ ನಡುವೆ ಅದೇ ಮೆಟ್ಟಿಲುಗಳನ್ನು ಇಳಿದುಹೋದ ಗ್ರಾಹಕರನ್ನು ದೃಶ್ಯ ನೋಡುತ್ತ ನಾನೇ ಎಣಿಸಿದೆ. 37 ಮಂದಿ ಇದ್ದರು, ಅವರಲ್ಲಿ ಕೋಲೂರಿಕೊಂಡು ಬಂದ ಹಿರಿಯರೊಬ್ಬರೂ ಸೇರಿದ್ದಾರೆ. ಯಾರೊಬ್ಬರ ಕಾಲೂ ಜಾರಿಲ್ಲ, ಯಾರೂ ನೀರು ದಾಟುವವರಂತೆ ಹೆಜ್ಜೆ ಎತ್ತಿಟ್ಟಿಲ್ಲ. ಕ್ಯಾಮೆರಾ ಇರುವುದು ಎತ್ತರದಲ್ಲಿ, ನೆಲ ಒಣಗಿದೆಯೋ ಇಲ್ಲವೋ ಎಂಬುದು ಅದರಲ್ಲಿ ನೇರವಾಗಿ ಕಾಣುವುದಿಲ್ಲ ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ಆದರೆ ಮೂರು ಗಂಟೆಗೂ ಹೆಚ್ಚು ಹೊತ್ತು, ಮೇಲೆ ಫ್ಯಾನು ತಿರುಗುತ್ತಿದ್ದ ಜಾಗದಲ್ಲಿ, ಒರೆಸಿದ ನೀರು ಹಾಗೆಯೇ ನಿಂತಿತ್ತೆಂದು ನಂಬುವುದು ಕಷ್ಟ.

ತಮ್ಮ ಪತ್ರದ ಜೊತೆಗಿರುವ ಫೋಟೋದಲ್ಲಿ ಕೆಳಗಿನ ಮೆಟ್ಟಿಲ ಬುಡದಲ್ಲಿ ನೀರು ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಫೋಟೋವನ್ನು ತಮ್ಮ ಮಗ ತೆಗೆದದ್ದು 6 ಗಂಟೆ 35 ನಿಮಿಷಕ್ಕೆ. ಅದಕ್ಕೆ ಹತ್ತು ನಿಮಿಷ ಮೊದಲು, ತಾವು ಕುರ್ಚಿಯಲ್ಲಿ ಕುಳಿತಿದ್ದಾಗ ನಮ್ಮ ಹುಡುಗ ತಂದ ನೀರಿನ ಲೋಟವನ್ನು ತಾವು ಎಡಗೈಯಲ್ಲಿ ಹಿಡಿಯಲು ಹೋದಾಗ ಅದು ಕೈತಪ್ಪಿ ಬಿದ್ದದ್ದು ದೃಶ್ಯದಲ್ಲಿ ಇದೆ. ಫೋಟೋದಲ್ಲಿರುವ ನೀರು ಆ ಲೋಟದ್ದು ಎಂಬುದು ನನ್ನ ತಿಳಿವಳಿಕೆ. ಆ ನೋವಿನಲ್ಲಿ ತಮಗೆ ಇದು ನೆನಪಿಲ್ಲದಿರುವುದು ಸಹಜ.

ಎಚ್ಚರಿಕೆಯ ವಿಚಾರಕ್ಕೆ ಬಂದರೆ, ಎರಡೂ ಮೆಟ್ಟಿಲುಗಳ ಅಂಚಿಗೆ ಹಳದಿ ಪಟ್ಟಿ ಅಂಟಿಸಿದೆ, ಬಲಗಡೆ ಹಿಡಿಕೆಯ ಸರಳಿದೆ, ಎದುರಿನ ಕಂಬದ ಮೇಲೆ ‘ಮೆಟ್ಟಿಲಿದೆ, ನೋಡಿ ಇಳಿಯಿರಿ’ ಎಂಬ ಫಲಕವಿದೆ. ಆ ಹೊತ್ತಿನಲ್ಲಿ ಮೆಟ್ಟಿಲಿನ ಮೇಲಿನ ಎರಡು ದೀಪಗಳೂ ಉರಿಯುತ್ತಿದ್ದವು. ಇವೆಲ್ಲ ಅಂದಿನ ದೃಶ್ಯದಲ್ಲೇ ಕಾಣುವುದರಿಂದ, ತಾವು ಬಿದ್ದ ಮೇಲೆ ಹಾಕಿಸಿದ್ದು ಎಂಬ ಸಂಶಯಕ್ಕೆ ಅವಕಾಶವಿಲ್ಲ.

ಇನ್ನು ಬಿದ್ದ ಗಳಿಗೆ. ಗಾಜಿನ ಭರಣಿಗಳಿದ್ದ ದೊಡ್ಡ ಪೆಟ್ಟಿಗೆಯನ್ನು ತಾವು ಎರಡೂ ಕೈಗಳಲ್ಲಿ ಎದೆಗೆ ಒತ್ತಿ ಹಿಡಿದಿದ್ದಿರಿ. ಅದರ ಮೇಲಂಚು ತಮ್ಮ ಗಲ್ಲದವರೆಗೆ ಬರುತ್ತಿತ್ತು. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಪೆಟ್ಟಿಗೆಯನ್ನು ಗಲ್ಲಾದವರೆಗೆ ತಂದುಕೊಡುತ್ತೇನೆ ಎಂದು ನಮ್ಮ ಹುಡುಗ ಕೈಚಾಚಿದಾಗ ತಾವು ಬೇಡವೆಂದು ತಲೆಯಾಡಿಸಿದಿರಿ. ಮೇಲಿನ ಮೆಟ್ಟಿಲಲ್ಲಿ ತಮ್ಮ ಕಾಲು ಜಾರಲಿಲ್ಲ. ಅಲ್ಲಿ ಮೆಟ್ಟಿಲು ಇದೆಯೆಂಬುದೇ ಕಾಣದೆ, ಸಮನೆಲದ ಮೇಲೆ ಇಡುವ ಹಾಗೆ ಹೆಜ್ಜೆ ಮುಂದಿಟ್ಟಿರಿ. ಇದನ್ನು ತಮ್ಮನ್ನು ದೂರುವುದಕ್ಕಾಗಿ ಬರೆಯುತ್ತಿಲ್ಲ. ಅವಸರದಲ್ಲಿ ಯಾರಿಗಾದರೂ ಆಗಬಹುದಾದದ್ದೇ. ಆದರೆ ಅಂಗಡಿಯವನು ಗ್ರಾಹಕರ ಸುರಕ್ಷತೆಗೆ ತಕ್ಕ ಎಚ್ಚರ ವಹಿಸಿದ ಮೇಲೂ, ಅವನ ಹಿಡಿತದಲ್ಲಿಲ್ಲದ ಕಾರಣದಿಂದ ಒಬ್ಬರು ಬಿದ್ದಾಗ ಅದನ್ನು ಅವನ ನಿರ್ಲಕ್ಷ್ಯ ಎನ್ನಲಾಗದು.

ನಮ್ಮ ಹುಡುಗ ತಮ್ಮನ್ನು ಎತ್ತಿ ಕೂರಿಸುವಾಗ ‘ಅಯ್ಯೋ, ತಪ್ಪಾಯ್ತಮ್ಮ’ ಎಂದದ್ದನ್ನು ತಾವು ತಪ್ಪೊಪ್ಪಿಗೆಯಾಗಿ ಎತ್ತಿ ತೋರಿಸಿದ್ದೀರಿ. ಅವನು ಹಾಗೆ ಅಂದದ್ದು ನಿಜ, ನಾನೂ ಕೇಳಿಸಿಕೊಂಡೆ. ಎದುರಿಗಿದ್ದವರು ಎಡವಿದರೂ ನಮ್ಮ ಬಾಯಲ್ಲಿ ಮೊದಲು ಬರುವ ಮಾತು ಅದೇ ಅಲ್ಲವೇ? ಅದು ಕನಿಕರದ ಮಾತು, ಹೊಣೆ ಒಪ್ಪಿಕೊಂಡ ಮಾತಲ್ಲ. ಅಂಗಡಿಯ ಪರವಾಗಿ ಹಾಗೆ ಒಪ್ಪಿಕೊಳ್ಳುವ ಅಧಿಕಾರವೂ ಅವನಿಗಿಲ್ಲ. ಹಾಗಂತ ಅವನನ್ನು ನಾನು ಗದರಿಸಿಲ್ಲ, ಮುಂದೆಯೂ ಅವನು ಹಾಗೆಯೇ ಓಡಿಬರಲಿ ಎಂಬುದೇ ನನ್ನ ಇಷ್ಟ. ಮರುದಿನ ಮೆಟ್ಟಿಲಿಗೆ ರಬ್ಬರ್ ಹಾಸು ಹಾಕಿಸಿದ್ದಕ್ಕೂ ಇದೇ ಉತ್ತರ: ಒಬ್ಬರು ಬಿದ್ದದ್ದನ್ನು ಕಂಡ ಮೇಲೆ ಇನ್ನಷ್ಟು ಎಚ್ಚರ ವಹಿಸಿದೆವು, ಅಷ್ಟೇ. ಮೊದಲಿನ ವ್ಯವಸ್ಥೆ ಅಪಾಯಕಾರಿಯಾಗಿತ್ತೆಂದು ಅದರಿಂದ ಅರ್ಥವಾಗುವುದಿಲ್ಲ.

ಮೇಲಿನ ಕಾರಣಗಳಿಂದ, ತಮ್ಮ ಬೀಳುವಿಕೆಗೆ ಅಂಗಡಿಯಾಗಲಿ, ನಾನಾಗಲಿ, ನಮ್ಮ ಕೆಲಸಗಾರರಾಗಲಿ ಹೊಣೆಗಾರರಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ಚಿಕಿತ್ಸೆಯ ವೆಚ್ಚ ಮತ್ತು ಆರು ವಾರಗಳ ದುಡಿಮೆಯ ನಷ್ಟವೆಂದು ತಾವು ಕೇಳಿರುವ ಮೊತ್ತವನ್ನು ಕೊಡಲು ನಾನು ಬದ್ಧನಲ್ಲ. ಈ ಪತ್ರದಲ್ಲಿ ವ್ಯಕ್ತಪಡಿಸಿರುವ ಕಾಳಜಿಯಾಗಲಿ, ಕೆಳಗೆ ತಿಳಿಸುವ ಸಹಕಾರವಾಗಲಿ ಹೊಣೆಯನ್ನು ಒಪ್ಪಿಕೊಂಡಂತೆ ಅಲ್ಲ. ಅವು ನನ್ನ ಕಾನೂನುಬದ್ಧ ಹಕ್ಕುಗಳಿಗೆ ಬಾಧಕವಾಗತಕ್ಕದ್ದೂ ಅಲ್ಲ.

ನಮ್ಮ ಯಂತ್ರದಲ್ಲಿ ದೃಶ್ಯಗಳು 15 ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತವೆ. ಆದ್ದರಿಂದ ಅಂದಿನ ಮಧ್ಯಾಹ್ನ 2 ಗಂಟೆಯಿಂದ ರಾತ್ರಿ 8 ಗಂಟೆಯವರೆಗಿನದನ್ನು, ನಡುವೆ ಏನನ್ನೂ ಕತ್ತರಿಸದೆ, ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದೇನೆ. ತಾವೇ ಬಂದು, ಅಥವಾ ತಮ್ಮ ಮಗನನ್ನೋ ವಕೀಲರನ್ನೋ ಕಳುಹಿಸಿ, ನೋಡಬಹುದು. ನಾನು ನೋಡದೆ ಬಿಟ್ಟದ್ದು ಏನಾದರೂ ಅದರಲ್ಲಿ ತಮ್ಮ ಕಣ್ಣಿಗೆ ಬಿದ್ದರೆ ಬರೆದು ತಿಳಿಸಿ, ಮತ್ತೊಮ್ಮೆ ಪರಿಶೀಲಿಸುತ್ತೇನೆ. ಅಂಗಡಿಯ ವಿಮೆ ಮಾಡಿಸಿರುವ ಕಂಪನಿಗೂ ತಮ್ಮ ಪತ್ರದ ಪ್ರತಿಯನ್ನು ಕಳುಹಿಸಿದ್ದೇನೆ. ಅವರು ತಮ್ಮನ್ನು ಸಂಪರ್ಕಿಸಿದರೆ ಅದು ಅವರ ವಿಚಾರಣೆಯ ಕ್ರಮವೇ ಹೊರತು ಬೇರೇನಲ್ಲ. ತಮ್ಮ ಸ್ವಂತ ಆರೋಗ್ಯ ವಿಮೆಗೆ ಅಂದಿನ ಘಟನೆಯ ಸಮಯ, ಸ್ಥಳ ತಿಳಿಸುವ ಪತ್ರ ಬೇಕಾಗಿದ್ದಲ್ಲಿ ಕೇಳಿದ ದಿನವೇ ಬರೆದುಕೊಡುತ್ತೇನೆ.

ಒಡೆದುಹೋದ ಭರಣಿಗಳಿಗೆ ತಾವು ಹಣ ಕೊಡಬೇಕಾಗಿಲ್ಲ. ತಮ್ಮ ಕನ್ನಡಕದ ಡಬ್ಬಿ ಮೆಟ್ಟಿಲಿನ ಪಕ್ಕದ ಕಪಾಟಿನಡಿ ಸಿಕ್ಕಿದ್ದು, ಗಲ್ಲಾದಲ್ಲಿ ಇರಿಸಿದ್ದೇವೆ. ಯಾರನ್ನಾದರೂ ಕಳುಹಿಸಿದರೆ ಕೊಡುತ್ತೇವೆ, ಇಲ್ಲವಾದರೆ ನಮ್ಮ ಹುಡುಗನೇ ತಂದು ಒಪ್ಪಿಸುತ್ತಾನೆ.

ತಮ್ಮ ಕೈ ಬೇಗ ಗುಣವಾಗಲೆಂದು ಹಾರೈಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಅಂಗಡಿಯ ಮಾಲೀಕ