ತುಂಬಿದ ಕೆರೆ, ಮುಚ್ಚಿದ ತೂಬು: ಕೋಲಾರದ ನೀರುಗಂಟಿಗಳ ಕುರಿತು ಪಿಎಚ್.ಡಿ. ಸಂಶೋಧನಾ ಪ್ರಸ್ತಾವ

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದವರು ನೀರುಗಂಟಿಗಳು. ಹೆಚ್ಚಿನವರು ದಲಿತ ಕುಟುಂಬದವರು. ಸುಗ್ಗಿಯಲ್ಲಿ ಸಿಗುತ್ತಿದ್ದ ಧಾನ್ಯ ಅವರ ಕೂಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆದರೆ ಅದು ಅಂತರ್ಜಲ ಮರುಪೂರಣಕ್ಕಷ್ಟೇ, ತೂಬಿನಿಂದ ಬಿಡುವಂತಿಲ್ಲ. ಕೆರೆ ತುಂಬಿತು; ನೀರು ಸಿಗುವುದು ಮಾತ್ರ ಕೊಳವೆಬಾವಿ ಇದ್ದವರಿಗೆ.

ಹಾಗಾದರೆ ನೀರು ಹಂಚುವ ಅಧಿಕಾರ ಈಗ ಯಾರ ಕೈಗೆ ಬಂದಿದೆ? ನೀರುಗಂಟಿಯ ಜ್ಞಾನ ಎಲ್ಲಿ ಉಳಿದಿದೆ? ಇವೇ ನನ್ನ ಪ್ರಶ್ನೆಗಳು.

ಯೋಜನೆಯ ನೀರು ಬಂದ ಮೂರು, ಬಾರದ ಮೂರು ಊರುಗಳಲ್ಲಿ ಹದಿನಾಲ್ಕು ತಿಂಗಳು ಕ್ಷೇತ್ರಕಾರ್ಯ ಮಾಡುವೆ: ನೀರುಗಂಟಿ ಮನೆತನಗಳ ಮೌಖಿಕ ಚರಿತ್ರೆ, ಕೊಳವೆಬಾವಿ ಗಣತಿ, ಪಹಣಿ ಪರಿಶೀಲನೆ. ಹೆಂಗಸರ ಮಾತನ್ನು ಪ್ರತ್ಯೇಕವಾಗಿ ದಾಖಲಿಸುವೆ. ಗಂಡಸರೆದುರು ಅವರು ಬಾಯಿಬಿಡುವುದು ಕಡಿಮೆ.

ಮರುಪೂರಣದ ಚರ್ಚೆ ನೀರಿನ ಮಟ್ಟ, ಗುಣಮಟ್ಟಗಳ ಸುತ್ತಲೇ ಸುತ್ತುತ್ತಿದೆ. ಅದರೊಳಗೆ ಜಾತಿ ಮತ್ತು ಹಂಚಿಕೆಯ ನ್ಯಾಯವನ್ನು ಪುರಾವೆಸಹಿತ ತರುವುದು ಈ ಅಧ್ಯಯನದ ಕೊಡುಗೆ.